ಕ್ಯಾನ್ವಾ ಟೆಂಪ್ಲೇಟ್ ಮಾರುವುದು ಹೇಗೆ? ತಾಳವಾಡಿಯ ಎರಡು ಭಾಷೆಯ ದರಪಟ್ಟಿ ಉದಾಹರಣೆಯೊಂದಿಗೆ

ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೆ ಹಾಕುವ ಪೋಸ್ಟರನ್ನು ಒಮ್ಮೆ ಮಾಡಿ ಒಬ್ಬರಿಗೆ ಕೊಟ್ಟರೆ ಅದು ಡಿಸೈನ್ ಕೆಲಸ. ಅದೇ ಪೋಸ್ಟರನ್ನು ಹೆಸರು, ದರ, ಫೋನ್ ನಂಬರ್ ಬದಲಾಯಿಸಿಕೊಳ್ಳುವ ಹಾಗೆ ಮಾಡಿ ಐವತ್ತು ಮಂದಿಗೆ ಕೊಟ್ಟರೆ ಅದು ಟೆಂಪ್ಲೇಟ್ ವ್ಯಾಪಾರ. ಎರಡಕ್ಕೂ ಬಳಸುವ ಆ್ಯಪ್ ಒಂದೇ ಇರಬಹುದು, ಆದರೆ ಲೆಕ್ಕ ಬೇರೆ. ಟೆಂಪ್ಲೇಟ್‌ನಲ್ಲಿ ನಾವು ಮಾರುವುದು ಚಿತ್ರವನ್ನಲ್ಲ, ಕೊಂಡವರು ತಾವೇ ತಿದ್ದಿಕೊಳ್ಳುವ ಅನುಕೂಲವನ್ನು. ತಿದ್ದಲಿಕ್ಕೆ ಹೋದಾಗ ಅಕ್ಷರ ಒಡೆದರೆ, ಲಿಂಕ್ ತೆರೆಯದಿದ್ದರೆ, ಚಿತ್ರದ ಮೇಲೆ ವಾಟರ್‌ಮಾರ್ಕ್ ಬಂದರೆ ಎಷ್ಟೇ ಚಂದ ಇದ್ದರೂ ಅದು ಮಾರಾಟದ ಮಾಲಲ್ಲ.

ಈ ಕೆಲಸಕ್ಕೆ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಕ್ಯಾನ್ವಾ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅದರ ಬಗ್ಗೆಯೇ. ಉದಾಹರಣೆಗೆ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟವನ್ನು ತೆಗೆದುಕೊಂಡಿದ್ದೇನೆ. ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ. ಮಾತು ಕನ್ನಡ, ಸರ್ಕಾರಿ ಕಾಗದ ತಮಿಳು. ಅಂಗಡಿ ಬೋರ್ಡಿಗೂ ಪೋಸ್ಟರಿಗೂ ಎರಡು ಲಿಪಿ ಬೇಕಾಗುವ ಊರು.

ಯಾರಿಗೆ ಮಾರುವುದು?

ಹೊಸಬರು ಮೊದಲು ಮಾಡುವುದು "100 ಬಿಸಿನೆಸ್ ಪೋಸ್ಟ್" ಅಂತ ಒಂದು ದೊಡ್ಡ ಕಟ್ಟು. ಅದು ಹೋಗುವುದು ಕಷ್ಟ. ಯಾಕೆಂದರೆ ಅಂಥದ್ದು ಕ್ಯಾನ್ವಾದ ಒಳಗೇ ಬಿಟ್ಟಿಯಾಗಿ ಬೇಕಾದಷ್ಟು ಸಿಗುತ್ತದೆ. ಅಲ್ಲಿ ಸುಲಭವಾಗಿ ಸಿಗದಿರುವುದು ಇಂಥ ಊರಿನ, ಇಂಥ ಕಸುಬಿನ, ಇಂಥ ಭಾಷೆಯ ಪೋಸ್ಟರ್. ಕಸುಬನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಆ ಪೋಸ್ಟರನ್ನು ವಾರಕ್ಕೆ ಒಮ್ಮೆಯಾದರೂ ಬದಲಾಯಿಸಬೇಕಾ? ಬದಲಾಗುವುದು ಬರೀ ಎರಡು ಮೂರು ಸಂಗತಿಯಾ? ಎರಡಕ್ಕೂ ಹೌದು ಅಂತ ಬಂದರೆ ಟೆಂಪ್ಲೇಟ್‌ಗೆ ಜಾಗ ಇದೆ. ಮದುವೆ ಕಾಗದ ವರ್ಷಕ್ಕೆ ಒಂದು ಮನೆಯಲ್ಲಿ ಒಂದು. ಅದನ್ನು ಡಿಸೈನ್ ಕೆಲಸವಾಗಿ ಮಾಡುವುದೇ ಸರಿ. ದರಪಟ್ಟಿ ದಿನಾ ಬದಲಾಗುತ್ತದೆ. ಅದು ಟೆಂಪ್ಲೇಟ್.

ತಾಳವಾಡಿಯಲ್ಲಿ ಎಲೆಕೋಸು, ಟೊಮೆಟೊ, ಚೆಂಡು ಹೂ ಬೆಳೆಯುತ್ತಾರೆ. ಇಂಥ ಬೆಳೆಗೆ ಸಸಿ ಬೆಳೆಸಿ ಮಾರುವ ನರ್ಸರಿಯ ಪೋಸ್ಟರನ್ನು ನೋಡೋಣ. ಸಸಿ 98 ಗುಳಿಯ ಟ್ರೇಯಲ್ಲಿ ಬರುತ್ತದೆ, ಸುಮಾರು 25 ದಿನಕ್ಕೆ ನಾಟಿಗೆ ಸಿದ್ಧ. ಯಾವ ಸಸಿ ಯಾವತ್ತು ಸಿಗುತ್ತದೆ, ಒಂದಕ್ಕೆ ಎಷ್ಟು, ಬುಕಿಂಗ್ ನಂಬರ್ ಯಾವುದು, ಇಷ್ಟೇ ಬದಲಾಗುವುದು. ಉಳಿದದ್ದೆಲ್ಲ ಹಾಗೇ ಇರುತ್ತದೆ. ರೈತರಲ್ಲಿ ಕೆಲವರು ಕನ್ನಡ ಓದುತ್ತಾರೆ, ಕೆಲವರು ತಮಿಳು ಮಾತ್ರ ಓದುತ್ತಾರೆ. ಹಾಗಾಗಿ "ಇಂದಿನ ದರ" ಅಂತ ಒಂದು ಸಾಲು, ಅದರ ಕೆಳಗೆ ತಮಿಳು ಲಿಪಿಯಲ್ಲಿ "ಇನ್‌ಡ್ರೈಯ ವಿಲೈ" ಅಂತ ಇನ್ನೊಂದು ಸಾಲು.

ಇಲ್ಲಿ ಒಂದು ಮಾತು ಗಮನಿಸಬೇಕು. ನರ್ಸರಿ ನಡೆಸುವ ಕಾಕ ಸ್ವತಃ ಟೆಂಪ್ಲೇಟ್ ಕೊಳ್ಳುವುದು ಕಡಿಮೆ. ಅವರು ಕೇಳುವುದು "ನೀನೇ ಮಾಡಿ ಕಳಿಸು ಮಗಾ" ಅಂತ. ಕೊಳ್ಳುವವರು ಅವರ ಮಗ, ಇಲ್ಲದಿದ್ದರೆ ಪೇಟೆಯ ಜೆರಾಕ್ಸ್–ಡಿಟಿಪಿ ಅಂಗಡಿಯವರು. ಡಿಟಿಪಿಯವರಿಗೆ ಒಂದೇ ಕಟ್ಟಿನಿಂದ ಹತ್ತು ಗಿರಾಕಿಗಳ ಕೆಲಸ ಆಗುತ್ತದೆ. ಈ ವ್ಯತ್ಯಾಸ ಬೆಲೆ ಇಡುವಾಗ ಮತ್ತೆ ಬರುತ್ತದೆ.

ಅಳತೆ: ಎರಡು ಸಾಕು

ಅಳತೆಯ ಪಟ್ಟಿ ಹುಡುಕಿದರೆ ಇಪ್ಪತ್ತು ಮೂವತ್ತು ಸಿಗುತ್ತದೆ. ಸಣ್ಣ ಅಂಗಡಿಯವರಿಗೆ ಬೇಕಾಗುವುದು ಎರಡೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗೆ 1080×1350 ಪಿಕ್ಸೆಲ್. ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾ ಸ್ಟೋರಿಗೆ 1080×1920. ಮೊದಲೆಲ್ಲ 1080×1080ರ ಚೌಕ ಮಾಡುತ್ತಿದ್ದರು. ಈಗಲೂ ಅದು ನಡೆಯುತ್ತದೆ, ಆದರೆ ಉದ್ದದ ಪೋಸ್ಟ್ ಫೋನಿನ ಪರದೆಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. 2025ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲ್‌ನ ಚೌಕಗಳನ್ನೂ 3:4ರ ಉದ್ದಕ್ಕೆ ಬದಲಾಯಿಸಿತು.

ಇದರಿಂದ ಒಂದು ಸಣ್ಣ ತೊಂದರೆ ಇದೆ. 1350 ಎತ್ತರದ ಪೋಸ್ಟ್ 3:4ರ ಚೌಕಟ್ಟಿನಲ್ಲಿ ಕೂರುವಾಗ ಅಗಲ ಸುಮಾರು 1012 ಪಿಕ್ಸೆಲ್‌ಗೆ ಇಳಿಯುತ್ತದೆ. ಅಂದರೆ ಎಡಕ್ಕೆ 34, ಬಲಕ್ಕೆ 34 ಕತ್ತರಿಸಿ ಹೋಗುತ್ತದೆ. ಆದ್ದರಿಂದ ಅಕ್ಷರವನ್ನು ಅಂಚಿನಿಂದ 60 ಪಿಕ್ಸೆಲ್ ಒಳಗೆ ಇಟ್ಟರೆ ದರದ ಕೊನೆಯ ಸೊನ್ನೆ ಮಾಯವಾಗುವುದಿಲ್ಲ.

ಸ್ಟೋರಿಯಲ್ಲಿ ಮೇಲೆ ಹೆಸರು, ಕೆಳಗೆ ರಿಪ್ಲೈ ಜಾಗ ಬರುತ್ತದೆ. ಮೇಲೆ 250, ಕೆಳಗೆ 340 ಪಿಕ್ಸೆಲ್ ಬರೀ ಬಣ್ಣಕ್ಕೆ ಬಿಟ್ಟುಬಿಡುವುದು ಒಳ್ಳೆಯದು. 1920ರಲ್ಲಿ ಇದು ಕಳೆದರೆ ಉಳಿಯುವುದು 1330. ಪೋಸ್ಟ್ ಅಳತೆಯಲ್ಲಿ ಮೇಲೆ ಕೆಳಗೆ ಅಂಚು ಬಿಟ್ಟು ನಿಮ್ಮ ವಿಷಯ 1230ರ ಒಳಗೆ ಇದ್ದರೆ ಅದನ್ನೇ ಎತ್ತಿ ಸ್ಟೋರಿಯ ನಡುವೆ ಕೂರಿಸಬಹುದು, ಮತ್ತೆ ಜೋಡಿಸುವ ಕೆಲಸ ಇಲ್ಲ. ಅದಕ್ಕೇ ಮೊದಲು ಪೋಸ್ಟ್ ಮಾಡಿ, ಆಮೇಲೆ ಸ್ಟೋರಿ ಮಾಡಬೇಕು. ತಿರುಗಾ ಮಾಡಿದರೆ ಎರಡು ಸಲ ಕೆಲಸ.

ಈಗ ನಮ್ಮ ದರಪಟ್ಟಿಯನ್ನು ಹಾಕಿ ನೋಡೋಣ. 1350ರಲ್ಲಿ ಮೇಲಿನ ಹೆಸರು–ತಾರೀಕಿಗೆ 300, ಕೆಳಗಿನ ಫೋನ್–ವಿಳಾಸಕ್ಕೆ 200 ಹೋಯಿತು. ಉಳಿದದ್ದು 850. ಒಂದು ಬೆಳೆಗೆ ಕನ್ನಡ ಒಂದು ಸಾಲು, ತಮಿಳು ಒಂದು ಸಾಲು ಸೇರಿ 140 ಬೇಕು. ಅಂದರೆ ಒಂದು ಪೋಸ್ಟರಿಗೆ ಆರು ಬೆಳೆ. ಏಳನೆಯದನ್ನು ತುರುಕಿದರೆ ಅಕ್ಷರ ಚಿಕ್ಕದಾಗುತ್ತದೆ. ಎಷ್ಟು ಚಿಕ್ಕದು ಅಂತ ಅಂದಾಜಿಸಬಹುದು. ಫೋನಿನ ಪರದೆ ಸುಮಾರು 7 ಸೆಂಟಿಮೀಟರ್ ಅಗಲ, ಅದರಲ್ಲಿ 1080 ಪಿಕ್ಸೆಲ್. 40 ಪಿಕ್ಸೆಲ್ ಎತ್ತರದ ಅಕ್ಷರ ಪರದೆಯಲ್ಲಿ ಎರಡೂವರೆ ಮಿಲಿಮೀಟರ್ ಮಾತ್ರ. ಬಿಸಿಲಲ್ಲಿ ಹೊಲದಲ್ಲಿ ನಿಂತು ನೋಡುವವರಿಗೆ ಅದಕ್ಕಿಂತ ಕೆಳಗೆ ಹೋಗಬಾರದು. ಏಳನೆಯ ಬೆಳೆ ಬಂದರೆ ಎರಡನೇ ಪುಟ ಮಾಡಿ.

ಕನ್ನಡ ಅಕ್ಷರ ಎಲ್ಲಿ ಕೈಕೊಡುತ್ತದೆ

ಇಂಗ್ಲಿಷ್ ಟೆಂಪ್ಲೇಟ್ ಮಾರುವವರಿಗೆ ಇಲ್ಲದ ಮೂರು ತೊಂದರೆ ನಮಗೆ ಇದೆ.

ಮೊದಲನೆಯದು ಹಳೆಯ ನುಡಿ, ಬರಹ. ಡಿಟಿಪಿ ಅಂಗಡಿಯಿಂದ ಬರುವ ಬರಹ ಯುನಿಕೋಡ್ ಅಲ್ಲದಿದ್ದರೆ ಕ್ಯಾನ್ವಾದಲ್ಲಿ ಅಂಟಿಸಿದಾಗ "ಕನ್ನಡ" ಎಂಬ ಪದ `PÀ£ÀßqÀ` ಅಂತ ಕಾಣುತ್ತದೆ. ಫಾಂಟ್ ಬದಲಾಯಿಸಿದರೆ ಇದು ಸರಿಯಾಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಬೇಕು, ಇಲ್ಲವೇ ಫೋನಿನ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಬೇಕು. ಕೊಂಡವರಿಗೆ ಕೊಡುವ ಕಾಗದದಲ್ಲೇ ಇದನ್ನು ಒಂದು ಸಾಲು ಬರೆದರೆ ಅರ್ಧ ಫೋನ್ ಕರೆ ಕಡಿಮೆಯಾಗುತ್ತದೆ.

ಎರಡನೆಯದು ಫಾಂಟ್. ನೀವು ಹೊರಗಿನಿಂದ ಅಪ್‌ಲೋಡ್ ಮಾಡಿದ ಫಾಂಟ್ ನಿಮ್ಮ ಖಾತೆಯಲ್ಲಿ ಮಾತ್ರ ಇರುತ್ತದೆ. ಲಿಂಕ್ ಜೊತೆ ಅದು ಹೋಗುವುದಿಲ್ಲ. ಕೊಂಡವರು ತೆರೆದಾಗ ಬೇರೆ ಯಾವುದೋ ಫಾಂಟ್ ಕೂತು ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಕ್ಯಾನ್ವಾದ ಪಟ್ಟಿಯಲ್ಲೇ ಇರುವ, ಬಿಟ್ಟಿ ಫಾಂಟ್ ಮಾತ್ರ ಬಳಸಬೇಕು. ಎರಡು ಭಾಷೆಗೆ ಜೋಡಿ ಬೇಕಾದರೆ Noto Sans Kannada ಮತ್ತು Noto Sans Tamil ಒಟ್ಟಿಗೆ ಹೊಂದುತ್ತವೆ. ದಪ್ಪ ತಲೆಬರಹಕ್ಕೆ Baloo Tamma, Baloo Thambi ಅಂತ ಜೋಡಿ ಇದೆ. ಒಂದು ಕನ್ನಡದ ತಮ್ಮ, ಇನ್ನೊಂದು ತಮಿಳಿನ ತಂಬಿ. ಒಂದೇ ಕುಟುಂಬದವು, ಹಾಗಾಗಿ ಬೋರ್ಡಿನ ಮೇಲೆ ಎರಡು ಲಿಪಿ ಒಂದೇ ಕೈಯಲ್ಲಿ ಬರೆದ ಹಾಗೆ ಕಾಣುತ್ತದೆ. ಬಳಸುವ ಮೊದಲು ಫಾಂಟ್ ಹುಡುಕುವ ಜಾಗದಲ್ಲಿ ಹೆಸರು ಹೊಡೆದು, ಕಿರೀಟದ ಗುರುತು ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಮೂರನೆಯದು ಸಾಲಿನ ನಡುವಿನ ಜಾಗ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ತಮಿಳಿನಲ್ಲಿ ಹಾಗೆ ಇಳಿಯುವುದಿಲ್ಲ, ಆದರೆ ಪದ ಅಗಲವಾಗುತ್ತದೆ. "ಎಲೆಕೋಸು" ಕೂರುವ ಜಾಗದಲ್ಲಿ ತಮಿಳಿನ "ಮುಟ್ಟೈಕೋಸ್" ಕೂರುವುದಿಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬರೆಯಬೇಡಿ. ಬೇರೆ ಬೇರೆ ಟೆಕ್ಸ್ಟ್ ಪೆಟ್ಟಿಗೆ ಇಟ್ಟು, ಕನ್ನಡಕ್ಕೆ ಸಾಲಿನ ಅಂತರ 1.4ರ ಹತ್ತಿರ, ತಮಿಳಿಗೆ ಅಗಲದಲ್ಲಿ ಇನ್ನೂ ಮೂರನೇ ಒಂದು ಭಾಗ ಖಾಲಿ ಜಾಗ ಬಿಡಿ. ಪರೀಕ್ಷೆಗೆ ಅತ್ಯಂತ ಉದ್ದದ ಹೆಸರನ್ನೇ ಹಾಕಿ ನೋಡಬೇಕು. ಮಾದರಿಯಲ್ಲಿ "ಕೋಸು" ಅಂತ ಚಿಕ್ಕದಾಗಿ ಬರೆದು ಮಾರಿದರೆ, ಕೊಂಡವರು "ಹಸಿ ಮೆಣಸಿನಕಾಯಿ" ಬರೆದ ದಿನ ಡಿಸೈನ್ ಒಡೆಯುತ್ತದೆ.

ತಿದ್ದುವ ಫೈಲ್ ಕೊಡುವುದು ಹೇಗೆ

ಇದೇ ಈ ವ್ಯಾಪಾರದ ನಡುಭಾಗ. ಕ್ಯಾನ್ವಾದಲ್ಲಿ ಫೈಲ್ ಅಂತ ಕೈಗೆ ಕೊಡುವುದು ಏನೂ ಇಲ್ಲ, ಕೊಡುವುದು ಲಿಂಕ್. ಲಿಂಕ್‌ನಲ್ಲಿ ಮೂರು ಬಗೆ ಇದೆ. ನೋಡುವ ಲಿಂಕ್ ಕೊಟ್ಟರೆ ಕೊಂಡವರಿಗೆ ತಿದ್ದಲಿಕ್ಕೆ ಆಗುವುದಿಲ್ಲ. ತಿದ್ದುವ ಲಿಂಕ್ ಕೊಟ್ಟರೆ ಎಲ್ಲರೂ ನಿಮ್ಮ ಮೂಲ ಡಿಸೈನ್‌ನಲ್ಲೇ ತಿದ್ದುತ್ತಾರೆ. ಮೊದಲನೆಯವರ ಫೋನ್ ನಂಬರ್ ಎರಡನೆಯವರಿಗೆ ಕಾಣುತ್ತದೆ, ಮೂರನೆಯವರು ಅಳಿಸಿದರೆ ಎಲ್ಲರಿಗೂ ಹೋಯಿತು. ಬೇಕಾಗಿರುವುದು ಮೂರನೆಯದು, Share ಒತ್ತಿದಾಗ ಪಟ್ಟಿಯಲ್ಲಿ ಬರುವ Template link. ಇದು ಹಣ ಕೊಟ್ಟ Pro ಖಾತೆಯಲ್ಲಿ ಸಿಗುತ್ತದೆ. ಈ ಲಿಂಕ್ ತೆರೆದವರಿಗೆ ಅವರದೇ ಖಾತೆಯಲ್ಲಿ ಒಂದು ಪ್ರತಿ ಆಗುತ್ತದೆ, ನಿಮ್ಮ ಮೂಲ ಹಾಗೇ ಉಳಿಯುತ್ತದೆ.

ಆ ಲಿಂಕ್ ನಿಮ್ಮ ಮೂಲಕ್ಕೆ ಕಟ್ಟಿಕೊಂಡೇ ಇರುತ್ತದೆ. ಮೂಲವನ್ನು ಅಳಿಸಿದರೆ ಹಿಂದೆ ಮಾರಿದ ಲಿಂಕೂ ಸಾಯುತ್ತದೆ. ಮೂಲದಲ್ಲಿ ಏನಾದರೂ ತಿದ್ದಿದರೆ ಮುಂದೆ ತೆರೆಯುವವರಿಗೆ ತಿದ್ದಿದ್ದೇ ಸಿಗುತ್ತದೆ, ಈಗಾಗಲೇ ಪ್ರತಿ ಮಾಡಿಕೊಂಡವರಿಗೆ ಹಳೆಯದೇ ಇರುತ್ತದೆ. ಆದ್ದರಿಂದ ಮಾರಾಟದ ಮೂಲಗಳನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟು, ಸ್ವಂತ ಪ್ರಯೋಗಕ್ಕೆ ಪ್ರತಿ ಮಾಡಿಕೊಂಡು ಕೆಲಸ ಮಾಡಬೇಕು.

ಡಿಸೈನ್ ಒಳಗೆ ಮಾಡಬೇಕಾದ ಕೆಲಸವೂ ಇದೆ. ಹಿನ್ನೆಲೆ, ಗೆರೆ, ಅಲಂಕಾರ ಎಲ್ಲವನ್ನೂ ಬೀಗದ ಗುರುತು ಒತ್ತಿ ಲಾಕ್ ಮಾಡಿ. ಫೋನಿನಲ್ಲಿ ತಿದ್ದುವವರ ಬೆರಳು ತಪ್ಪಿ ತಾಗಿದರೂ ಹಿನ್ನೆಲೆ ಅಲುಗಾಡಬಾರದು. ಫೋಟೊ ಮತ್ತು ಲೋಗೊ ಜಾಗಕ್ಕೆ ಫ್ರೇಮ್ ಇಡಿ. ಕೊಂಡವರು ತಮ್ಮ ಫೋಟೊವನ್ನು ಎಳೆದು ಅದರೊಳಗೆ ಬಿಟ್ಟರೆ ತಾನಾಗಿ ಸರಿಯಾಗಿ ಕೂರುತ್ತದೆ. ಲೋಗೊವನ್ನು ನೀವೇ ಕ್ಯಾನ್ವಾದ ಚಿತ್ರದಿಂದ ಮಾಡಿ ಸೇರಿಸಬೇಡಿ. ಅಲ್ಲಿನ ಸಿದ್ಧ ಚಿತ್ರವನ್ನು ಯಾರೂ ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ.

ಇನ್ನು ಕಿರೀಟದ ಗುರುತು ಇರುವ ಚಿತ್ರಗಳು. ನಿಮ್ಮದು Pro ಖಾತೆ, ನಿಮಗೆ ಅದು ಸಲೀಸಾಗಿ ಬರುತ್ತದೆ. ಕೊಂಡವರದು ಬಿಟ್ಟಿ ಖಾತೆ ಆಗಿದ್ದರೆ ಅವರು ಡೌನ್‌ಲೋಡ್ ಮಾಡುವಾಗ ವಾಟರ್‌ಮಾರ್ಕ್ ಬರುತ್ತದೆ, ಇಲ್ಲವೇ ಹಣ ಕೇಳುತ್ತದೆ. ಇದು ಮಾಡುವಾಗ ನಿಮ್ಮ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ಪತ್ತೆ ಹಚ್ಚುವ ದಾರಿ ಒಂದೇ. ಬೇರೆ ಇಮೇಲ್‌ನಿಂದ ಒಂದು ಬಿಟ್ಟಿ ಖಾತೆ ತೆರೆದು, ನಿಮ್ಮದೇ ಲಿಂಕನ್ನು ಫೋನಿನಲ್ಲಿ ತೆರೆದು, ಒಂದು ದರ ಬದಲಾಯಿಸಿ, ಒಂದು ಫೋಟೊ ಹಾಕಿ, PNG ಆಗಿ ಡೌನ್‌ಲೋಡ್ ಮಾಡಿ, ಸ್ಟೇಟಸ್‌ಗೆ ಹಾಕಿ ನೋಡುವುದು. ಎಲ್ಲಾ ಪುಟಕ್ಕೂ ಹೀಗೆ ಮಾಡಿದ ಮೇಲೆಯೇ ಮಾರಾಟ.

ಏನನ್ನು ಮಾರಬಾರದು

ಕ್ಯಾನ್ವಾದಲ್ಲಿ ಮಾಡಿದ ಟೆಂಪ್ಲೇಟ್ ಮಾರಲು ಅವರ ನಿಯಮ ಅವಕಾಶ ಕೊಡುತ್ತದೆ, ಆದರೆ ಅದು ನಿಮ್ಮ ಸ್ವಂತ ಜೋಡಣೆ ಆಗಿರಬೇಕು. ಅಲ್ಲಿ ಇರುವ ಬೇರೆಯವರ ಟೆಂಪ್ಲೇಟ್ ತೆರೆದು ಬಣ್ಣ ಬದಲಾಯಿಸಿ, ಕನ್ನಡ ಬರೆದು ನಿಮ್ಮದು ಅಂತ ಮಾರುವಂತಿಲ್ಲ. ಖಾಲಿ ಪುಟದಿಂದ ಶುರು ಮಾಡಬೇಕು. ಅಲ್ಲಿನ ಒಂದು ಫೋಟೊವನ್ನೋ ಚಿತ್ರವನ್ನೋ ಹಾಗೇ ಎತ್ತಿ ಮಾರುವುದೂ ಇಲ್ಲ. ವ್ಯಾಪಾರದಲ್ಲಿ ಮಾಲು ಯಾರದು ಅನ್ನುವುದು ನಮಗೆ ಹಲಾಲಿನ ಪ್ರಶ್ನೆಯೂ ಹೌದು.

ನಮ್ಮ ಸಮುದಾಯದ ಪೋಸ್ಟರ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬಿಸ್ಮಿ, ಆಯತ್ ಇವನ್ನು ತಿದ್ದಬಹುದಾದ ಅಕ್ಷರವಾಗಿ ಬಿಡಬೇಡಿ. ಫಾಂಟ್ ಬದಲಾದರೆ ಹರಕತ್ ಜಾಗ ತಪ್ಪುತ್ತದೆ, ಬೆರಳು ತಾಗಿ ಒಂದು ಅಕ್ಷರ ಅಳಿದರೂ ಗೊತ್ತಾಗುವುದಿಲ್ಲ. ಅರಬಿ ಓದಬಲ್ಲ ಉಸ್ತಾದರಿಗೆ ತೋರಿಸಿ, ಚಿತ್ರವಾಗಿ ಹಾಕಿ ಲಾಕ್ ಮಾಡಿ. ರಂಝಾನ್ ವೇಳಾಪಟ್ಟಿಯಲ್ಲಿ ಸಮಯವನ್ನೂ ತಾರೀಕನ್ನೂ ಖಾಲಿ ಬಿಡಬೇಕು. ತಾರೀಕು ಚಂದ್ರದರ್ಶನದ ಮೇಲೆ ನಿಲ್ಲುತ್ತದೆ. ಸಮಯ ಊರಿನ ಮೇಲೆ ನಿಲ್ಲುತ್ತದೆ. ಮಂಗಳೂರಿಗಿಂತ ತಾಳವಾಡಿ ಸುಮಾರು ಎರಡು ಡಿಗ್ರಿ ಪೂರ್ವಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ಇಲ್ಲಿ ಮಗ್ರಿಬ್ ಎಂಟು ನಿಮಿಷದಷ್ಟು ಮೊದಲೇ ಆಗುತ್ತದೆ, ಸುಬಹಿಯೂ ಹಾಗೇ. ಮಂಗಳೂರಿನ ಸಮಯ ತುಂಬಿದ ಟೆಂಪ್ಲೇಟ್ ಇಲ್ಲಿಗೆ ಬಂದರೆ ಸಹರಿ ಮಾಡುವವರು ಸಮಯ ಮೀರಿ ತಿನ್ನುತ್ತಾರೆ. "ನಿಮ್ಮ ಊರಿನ ಮಸೀದಿಯ ಸಮಯ ಹಾಕಿ" ಅಂತ ಆ ಜಾಗದಲ್ಲೇ ಬರೆದಿಡುವುದು ಸರಿ.

ಕೈಗೆ ಕೊಡುವ ಕಾಗದ

ಲಿಂಕನ್ನು ಬರೀ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಚಾಟ್‌ನಲ್ಲಿ ಕಳೆದುಹೋಗುತ್ತದೆ. ಒಂದು ಪುಟದ ಪಿಡಿಎಫ್ ಮಾಡಿ ಅದರಲ್ಲಿ ಲಿಂಕ್ ಇಡಿ. ಎಟ್ಸಿಯಂಥ ತಾಣದಲ್ಲಿ ಮಾರುವವರೂ ಅಪ್‌ಲೋಡ್ ಮಾಡುವುದು ಇದೇ ಪಿಡಿಎಫ್. ಅದರಲ್ಲಿ ಇಷ್ಟು ಇದ್ದರೆ ಸಾಕು:

1. ಪೋಸ್ಟ್ ಅಳತೆಯ ಲಿಂಕ್, ಸ್ಟೋರಿ ಅಳತೆಯ ಲಿಂಕ್, ಬೇರೆ ಬೇರೆಯಾಗಿ.
2. ಮೊದಲು ಕ್ಯಾನ್ವಾದಲ್ಲಿ ಲಾಗಿನ್ ಆಗಿ, ಆಮೇಲೆ ಲಿಂಕ್ ಒತ್ತಿ ಎಂಬ ಸೂಚನೆ.
3. ಬಳಸಿದ ಫಾಂಟ್‌ಗಳ ಹೆಸರು, ಯುನಿಕೋಡ್ ಬಗ್ಗೆ ಒಂದು ಸಾಲು.
4. ಡೌನ್‌ಲೋಡ್ ಮಾಡಿದ್ದನ್ನು ಇನ್ನೊಬ್ಬರಿಗೆ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ವಾಟ್ಸ್ಆ್ಯಪ್ ಅಕ್ಷರವನ್ನು ಮಸುಕು ಮಾಡುತ್ತದೆ ಎಂಬ ಮಾತು.
5. ಒಂದು ಅಂಗಡಿಗೆ ಮಾತ್ರ ಬಳಕೆಯೋ, ಹಲವು ಗಿರಾಕಿಗಳಿಗೆ ಬಳಸಬಹುದೋ ಎಂಬ ಷರತ್ತು.

ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಲಿಂಕ್ ಯಾರ ಕೈಗೆ ಹೋದರೂ ತೆರೆಯುತ್ತದೆ. ಕೊಂಡವರು ಗೆಳೆಯನಿಗೆ ಕಳಿಸಿದರೆ ತಡೆಯುವ ಬೀಗ ಇಲ್ಲ. ಬೆಲೆ ಕಡಿಮೆ ಇಡುವುದು, ಆಗಾಗ ಹೊಸ ಕಟ್ಟು ತರುವುದು, ಇಷ್ಟೇ ದಾರಿ.

ಬೆಲೆ ಲೆಕ್ಕ

ನರ್ಸರಿ ಕಟ್ಟಿನಲ್ಲಿ ಹತ್ತು ಟೆಂಪ್ಲೇಟ್ ಇದೆ ಅಂತಿಟ್ಟುಕೊಳ್ಳಿ. ದರಪಟ್ಟಿ ನಾಲ್ಕು, "ಸಸಿ ಸಿದ್ಧ" ಮೂರು, ರಜೆ–ಹಬ್ಬಕ್ಕೆ ಎರಡು, ಬುಕಿಂಗ್‌ಗೆ ಒಂದು. ಎರಡು ಅಳತೆಯಲ್ಲಿ ಇಪ್ಪತ್ತು ಪುಟ. ಒಂದಕ್ಕೆ ಒಂದೂವರೆ ಗಂಟೆಯಂತೆ 15 ಗಂಟೆ, ಸ್ಟೋರಿ ಅಳತೆಗೆ 5 ಗಂಟೆ, ಪರೀಕ್ಷೆಗೆ 2 ಗಂಟೆ, ಒಟ್ಟು 22. ಗಂಟೆಗೆ ₹100 ಹಿಡಿದರೆ ₹2,200. Pro ಖಾತೆಗೆ ತಿಂಗಳಿಗೆ ₹500 ಅಂತ ಇಟ್ಟು ಮೂರು ತಿಂಗಳಿಗೆ ₹1,500. ಒಟ್ಟು ₹3,700 ವಾಪಸ್ ಬರಬೇಕು.

ಕಟ್ಟಿಗೆ ₹299 ಇಟ್ಟರೆ 13 ಮಾರಾಟದಲ್ಲಿ ಅಸಲು ಬಂತು. ಒಂದೇ ತಾಳವಾಡಿಯಲ್ಲಿ 13 ನರ್ಸರಿ ಮಕ್ಕಳನ್ನು ಹುಡುಕುವುದು ಕಷ್ಟ. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಗೆ ಕನ್ನಡ ಮಾತ್ರದ ಪ್ರತಿ, ಸತ್ಯಮಂಗಲ ಕಡೆಗೆ ತಮಿಳು ಮಾತ್ರದ ಪ್ರತಿ ಮಾಡಲು ಹೆಚ್ಚಿನ ಕೆಲಸ ಇಲ್ಲ, ಒಂದು ಪೆಟ್ಟಿಗೆ ಅಳಿಸಿದರಾಯಿತು. ಡಿಟಿಪಿಯವರಿಗೆ ಹಲವು ಗಿರಾಕಿಗಳ ಬಳಕೆಗೆ ₹999 ಇಡಬಹುದು. ಅಂಥ ಇಬ್ಬರು ಸಿಕ್ಕರೆ ₹1,998, ಉಳಿದದ್ದಕ್ಕೆ ಆರು ಮಾರಾಟ ಸಾಕು. "ನೀನೇ ಹಾಕಿಕೊಡು" ಅನ್ನುವ ಕಾಕನಿಗೆ ಹೆಸರು, ಫೋಟೊ ಕೂರಿಸಿ ಕೊಡಲು ₹150 ಪ್ರತ್ಯೇಕ ತೆಗೆದುಕೊಳ್ಳಿ. ಅದನ್ನು ಕಟ್ಟಿನ ಬೆಲೆಯೊಳಗೆ ಸೇರಿಸಿದರೆ ಸಂಜೆಯೆಲ್ಲ ಅದೇ ಕೆಲಸ ಆಗುತ್ತದೆ.

ಎಟ್ಸಿಯಲ್ಲಿ ಹಾಕುವುದಾದರೆ ಒಂದು ಲಿಸ್ಟಿಂಗ್‌ಗೆ 0.20 ಡಾಲರ್, ಮಾರಾಟದ ಮೇಲೆ 6.5 ಶೇಕಡಾ, ಅದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. 5 ಡಾಲರ್‌ನ ಕಟ್ಟಿನಲ್ಲಿ ಮೊದಲ ಎರಡಕ್ಕೇ ಅರ್ಧ ಡಾಲರ್ ಹೋಗುತ್ತದೆ. ಕನ್ನಡ–ತಮಿಳು ದರಪಟ್ಟಿಗೆ ಅಲ್ಲಿ ಗಿರಾಕಿ ಇಲ್ಲ. ಊರಿನ ಮಾಲಿಗೆ ಯುಪಿಐ ಮತ್ತು ವಾಟ್ಸ್ಆ್ಯಪ್ ಸಾಕು.

ಜಿಎಸ್‌ಟಿ ಬಗ್ಗೆ ಕೇಳುವವರಿದ್ದಾರೆ. ಹೀಗೆ ಲಿಂಕ್ ಮೂಲಕ ಕೊಡುವುದನ್ನು ಸೇವೆ ಅಂತ ಲೆಕ್ಕ ಹಾಕುತ್ತಾರೆ. ತಮಿಳುನಾಡು, ಕರ್ನಾಟಕ ಎರಡರಲ್ಲೂ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ, ಪಕ್ಕದ ರಾಜ್ಯಕ್ಕೆ ಮಾರಿದರೂ ಅಷ್ಟೇ. ಆದರೆ ನಿಮಗೆ ಬೇರೆ ಅಂಗಡಿ ಇದ್ದರೆ ಅದರ ವಹಿವಾಟೂ ಇದರ ಜೊತೆ ಸೇರುತ್ತದೆ, ಒಂದೇ ಪ್ಯಾನ್ ನಂಬರ್ ಅಡಿ ಎಲ್ಲ ಒಟ್ಟು. ಅಂಗಡಿ ಲೆಕ್ಕದ ಪುಸ್ತಕದಲ್ಲೇ ಟೆಂಪ್ಲೇಟ್‌ಗೆ ಒಂದು ಪುಟ ಬೇರೆ ಇಟ್ಟು, ಯಾವ ಲಿಂಕ್ ಯಾರಿಗೆ, ಯಾವ ತಾರೀಕು, ಯಾವ ಷರತ್ತಿನಲ್ಲಿ ಹೋಯಿತು ಅಂತ ಬರೆದರೆ ಸಾಕು. ಆರು ತಿಂಗಳ ನಂತರ "ನನ್ನ ಲಿಂಕ್ ತೆರೀತಿಲ್ಲ" ಅಂತ ಫೋನ್ ಬಂದಾಗ ನೋಡಬೇಕಾದ್ದು ಅದೇ ಪುಟ.